ಮನೆಯಲ್ಲಿ ಸಾವಾಗಿ ಮದುವೆ ನಿಂತಾಗ ಫಂಕ್ಷನ್ ಹಾಲ್‌ನ ಅಡ್ವಾನ್ಸ್ ವಾಪಸ್ ಕೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಣ್ಣನ ಮಗಳ ಮದುವೆ ಕಲಬುರಗಿಯ ಒಂದು ಫಂಕ್ಷನ್ ಹಾಲ್‌ನಲ್ಲಿ ಮೇ 11ರ ಭಾನುವಾರಕ್ಕೆ ನಿಗದಿಯಾಗಿತ್ತು. ಮಾರ್ಚ್ 22ಕ್ಕೆ ನಮ್ಮ ಅವ್ವ ತೀರಿಕೊಂಡರು. ಮದುವೆ ಮುಂದೆ ಹೋಯಿತು, ಹಾಲ್‌ಗೆ ಕೊಟ್ಟಿದ್ದ ದುಡ್ಡು ಅಲ್ಲೇ ಉಳಿಯಿತು. ಅದನ್ನು ಕೇಳಿ, ಅರ್ಧದ ಹತ್ತಿರ ವಾಪಸ್ ಪಡೆದ ಮೇಲೆ ನೆಂಟರು, ನೆಂಟರ ನೆಂಟರು, ಬೀದರ್ ಮತ್ತು ಯಾದಗಿರಿಯಿಂದ ಪರಿಚಯದವರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು, ನನಗೆ ಗೊತ್ತಿರುವುದನ್ನು ಬರೆದಿದ್ದೇನೆ.

## ಮೊದಲು ತಿಳಿಯಬೇಕಾದ್ದು

"ರಸೀದಿ ಮ್ಯಾಲೆ 'ಅಡ್ವಾನ್ಸ್ ವಾಪಸ್ ಕೊಡುವುದಿಲ್ಲ' ಅಂತ ಅಚ್ಚು ಹಾಕ್ಯಾರ. ಇನ್ನ ಕೇಳೂದ್ರಾಗ ಏನರ ಅರ್ಥ ಐತೇನ್ರಿ?"

ಇದೆ. ಆ ಸಾಲು ಇದ್ದ ಮಾತ್ರಕ್ಕೆ ಮಾತು ಮುಗಿಯುವುದಿಲ್ಲ.

1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಕಲಂ ಇಂಥದ್ದಕ್ಕೇ ಇರುವುದು. ಒಪ್ಪಂದ ಮುರಿದವರು ಇಷ್ಟು ಕಳೆದುಕೊಳ್ಳಬೇಕು ಎಂದು ಮೊದಲೇ ಬರೆದಿಟ್ಟಿದ್ದರೂ, ಆ ಮೊತ್ತ ಬರೀ ಮೇಲಿನ ಮಿತಿ. ಅದರೊಳಗೆ ನ್ಯಾಯವಾಗಿ ಎಷ್ಟು ಪರಿಹಾರವೋ ಅಷ್ಟು ಮಾತ್ರ ಎದುರಿನವರಿಗೆ ಸಲ್ಲುತ್ತದೆ. 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ನಷ್ಟವೇ ಆಗಿಲ್ಲವೆಂದರೆ ಈ ಕಲಂ ಅಡಿ ಪರಿಹಾರವೂ ಇಲ್ಲ. ಆದರೆ ನಷ್ಟ ಎಷ್ಟೆಂದು ಲೆಕ್ಕ ಹಾಕುವುದೇ ಕಷ್ಟವಾದಾಗ, ಮೊದಲೇ ಬರೆದ ಮೊತ್ತ ನ್ಯಾಯವಾದ ಅಂದಾಜು ಆಗಿದ್ದರೆ ಅದನ್ನು ಇಟ್ಟುಕೊಳ್ಳಬಹುದು ಎಂದೂ ಹೇಳಿದೆ.

ಹಾಗಾಗಿ ಹಾಲಿನವರ ಹತ್ತಿರ "ನಿಮ್ಮ ನಿಯಮ ತಪ್ಪು" ಎಂದು ಜಗಳಕ್ಕೆ ಇಳಿಯಬೇಡಿ. "ನಿಮಗೆ ಎಷ್ಟು ನಷ್ಟ ಆಯ್ತು? ಅದನ್ನು ಹಿಡಿದುಕೊಂಡು ಉಳಿದದ್ದು ಕೊಡಿ" ಎನ್ನಿ. ಇಡೀ ಕೆಲಸ ನಿಂತಿರುವುದು ಈ ಒಂದು ಮಾತಿನ ಮೇಲೆ.

"ನಾವು ಕೊಟ್ಟಿದ್ದು ಅಡ್ವಾನ್ಸೋ ಡಿಪಾಜಿಟೋ ಗೊತ್ತಿಲ್ಲ. ಎರಡೂ ಒಂದೇ ಅಲ್ವಾ?"

ಅಲ್ಲ. ಬಾಯಲ್ಲಿ ಎಲ್ಲವನ್ನೂ ಅಡ್ವಾನ್ಸ್ ಅಂತೀವಿ, ಆದರೆ ಎರಡು ಬೇರೆ ಬೇರೆ ದುಡ್ಡು ಇರಬಹುದು. ಒಂದು, ಬಾಡಿಗೆಯ ಭಾಗವಾಗಿ ಮೊದಲೇ ಕೊಟ್ಟದ್ದು. ಇನ್ನೊಂದು, ಕುರ್ಚಿ ಮುರಿದರೆ, ಗಾಜು ಒಡೆದರೆ ಹಿಡಿದುಕೊಳ್ಳಲು ಇಟ್ಟದ್ದು. ಎರಡನೆಯದನ್ನು ನಿಮ್ಮ ಕಾರ್ಯಕ್ರಮವೇ ನಡೆಯದಿದ್ದಾಗ ಹಿಡಿದುಕೊಳ್ಳಲು ಕಾರಣವೇ ಇಲ್ಲ. ಅದನ್ನು ಪೂರ್ತಿ ಕೇಳಿ, ಚೌಕಾಸಿ ಮಾಡಬೇಡಿ.

ನಾವು ಒಟ್ಟು 70,000 ರೂಪಾಯಿ ಕೊಟ್ಟಿದ್ದೆವು. ರಸೀದಿ ತೆಗೆದು ನೋಡಿದಾಗ 60,000 "ಬಾಡಿಗೆ ಮುಂಗಡ" ಎಂದೂ, 10,000 "ಡ್ಯಾಮೇಜ್ ಡಿಪಾಜಿಟ್" ಎಂದೂ ಬೇರೆ ಬೇರೆ ಸಾಲಿನಲ್ಲಿ ಬರೆದಿತ್ತು. ಅಣ್ಣನಿಗೆ ಅದು ನೆನಪೇ ಇರಲಿಲ್ಲ. ಆ 10,000 ಬೆರಳಿಟ್ಟು ತೋರಿಸಿದ ದಿನವೇ ಬಂತು.

"ಅಡ್ವಾನ್ಸ್ ಪೂರ್ತಿ ವಾಪಸ್ ಬರುತ್ತಾ?"

ಮದುವೆ ದಿನಕ್ಕೆ ಅದೇ ಬಾಡಿಗೆಗೆ ಬೇರೆಯವರು ಸಿಕ್ಕಿದ್ದರೆ ಹೆಚ್ಚುಕಡಿಮೆ ಪೂರ್ತಿ ಕೇಳಬಹುದು. ಹಾಲ್ ಖಾಲಿ ಬಿದ್ದಿದ್ದರೆ ಪೂರ್ತಿ ನಿರೀಕ್ಷೆ ಮಾಡಬೇಡಿ. ಅವರ ನಷ್ಟವೂ ನಿಜವೇ. ವೈಶಾಖದ ಒಂದು ಭಾನುವಾರ ಖಾಲಿ ಹೋದರೆ ಅವರ ಸೀಸನ್‌ನ ಒಂದು ದೊಡ್ಡ ದಿನ ಹೋದಂತೆ.

"ಸಾವು ನಮ್ಮ ಕೈಯಲ್ಲಿ ಇರಲಿಲ್ಲ. ಒಪ್ಪಂದವೇ ರದ್ದು ಅಲ್ವಾ?"

ಹಾಗೆ ಅನಿಸುವುದು ಸಹಜ. ನನಗೂ ಅನಿಸಿತ್ತು. ಒಪ್ಪಂದ ನಡೆಸಿಕೊಡುವುದೇ ಅಸಾಧ್ಯವಾದರೆ ಅದು ರದ್ದಾಗುತ್ತದೆ ಎಂದು ಅದೇ ಒಪ್ಪಂದ ಕಾಯ್ದೆಯ 56ನೇ ಕಲಂ ಹೇಳುತ್ತದೆ ನಿಜ. ಆದರೆ ಹಾಲ್ ಬಿದ್ದುಹೋಗಿಲ್ಲ, ಸರ್ಕಾರ ಮದುವೆ ನಿಷೇಧಿಸಿಲ್ಲ. ಹಾಲಿನವರು ಕೊಡಲು ಸಿದ್ಧರಿದ್ದಾರೆ, ಮಾಡಲು ಆಗದವರು ನಾವು. ಮನೆಯ ದುಃಖ ಎಷ್ಟೇ ದೊಡ್ಡದಾದರೂ ಈ ವಾದ ಅಷ್ಟು ಗಟ್ಟಿಯಲ್ಲ. ಎದುರಿಗೆ ವಕೀಲರು ಇದ್ದರೆ ಮೊದಲ ಪೆಟ್ಟಿಗೇ ಬೀಳುತ್ತದೆ. ಸಾವಿನ ಮಾತನ್ನು ಕಾರಣ ತಿಳಿಸಲು ಹೇಳಿ, ದುಡ್ಡಿನ ಮಾತನ್ನು ನಷ್ಟದ ಲೆಕ್ಕದ ಮೇಲೆ ಆಡಿ.

"ದಿನಕರ್ಮ ಮುಗಿಯೋ ತನಕ ಯಾರಿಗೂ ಇದರ ಕಡೆ ಲಕ್ಷ್ಯ ಇರಲ್ಲ. ಆಮೇಲೆ ಹೇಳಿದರೆ ನಡೆಯುತ್ತಾ?"

ನಡೆಯುತ್ತದೆ, ಆದರೆ ಒಂದೊಂದು ದಿನಕ್ಕೂ ಬೆಲೆ ಇದೆ. ನೀವು ಹೇಳಿದ ದಿನದಿಂದ ಹಾಲಿನವರು ಬೇರೆ ಗಿರಾಕಿ ಹುಡುಕಬಹುದು. ಹೇಳದೆ ಇದ್ದ ದಿನಗಳ ನಷ್ಟ ನಿಮ್ಮ ತಲೆ ಮೇಲೆ. ಮನೆಯವರು ಮಣ್ಣು ಮಾಡಿ ಬಂದು ಕೂತಿರುವಾಗ ಈ ಮಾತು ಎತ್ತುವುದು ಕಷ್ಟ ಅಂತ ಗೊತ್ತು. ಅದಕ್ಕೇ ಇದನ್ನು ಮನೆಯ ಹತ್ತಿರದ, ಆದರೆ ಸ್ವಲ್ಪ ಹೊರಗಿನ ಒಬ್ಬರಿಗೆ ಒಪ್ಪಿಸಿ. ಅಳಿಯ, ಸೋದರಮಾವ, ಪಕ್ಕದ ಮನೆಯ ಹಿರಿಯರು, ಯಾರಾದರೂ ಸರಿ. ನಮ್ಮಲ್ಲಿ ನಮ್ಮ ಭಾವ ಐದನೇ ದಿನ, ಮಾರ್ಚ್ 26ಕ್ಕೆ, ಮ್ಯಾನೇಜರ್‌ಗೆ ಫೋನ್ ಮಾಡಿದರು. ಮದುವೆಗೆ ಇನ್ನೂ 46 ದಿನ ಇತ್ತು. ಮುಂದೆ ನಮ್ಮನ್ನು ಉಳಿಸಿದ್ದು ಆ ಫೋನ್.

ಮುಸ್ಲಿಂ ಮನೆಗಳಲ್ಲೂ ಜಿಯಾರತ್ ಆಗಲಿ, ಚಾಲೀಸ್ವಾ ಆಗಲಿ ಎಂದು ಕಾಯುತ್ತಾರೆ. ಮದುವೆಯ ಹೊಸ ದಿನಾಂಕ ನಿಧಾನವಾಗಿ ಗೊತ್ತುಮಾಡಿ. ಹಳೆಯ ದಿನಾಂಕ ಬಿಟ್ಟುಕೊಡುವ ಮಾತು ಮಾತ್ರ ಬೇಗ ಹೇಳಿ.

ಫೋನ್ ಮಾಡಿದ ಮೇಲೆ ಅದೇ ದಿನ ವಾಟ್ಸಾಪ್‌ನಲ್ಲಿ ಎರಡು ಸಾಲು ಹಾಕಿ. ಬಾಯಿಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

"ನಾವೇ ರದ್ದು ಅಂತ ಬರೆದುಕೊಟ್ಟರೆ ದುಡ್ಡಿನ ಹಕ್ಕು ಹೋಗಿಬಿಡಲ್ವಾ?"

ಹೇಗೆ ಬರೆಯುತ್ತೀರಿ ಎನ್ನುವುದರ ಮೇಲೆ ಇದೆ. "ಬುಕ್ಕಿಂಗ್ ರದ್ದು ಮಾಡಿರಿ" ಎಂದಷ್ಟೇ ಬರೆದು ಸಹಿ ಹಾಕಬೇಡಿ. "ಮೇ 11ರ ದಿನಾಂಕವನ್ನು ಬಿಟ್ಟುಕೊಟ್ಟಿದ್ದೇವೆ, ಬೇರೆಯವರಿಗೆ ಕೊಡಬಹುದು. ಅಡ್ವಾನ್ಸ್ ವಾಪಸ್ ಕೇಳುವ ನಮ್ಮ ಹಕ್ಕು ಹಾಗೇ ಇದೆ" ಎಂದು ಬರೆಯಿರಿ. ಇದರಿಂದ ಅವರಿಗೂ ದಾರಿ ಬಿಟ್ಟಂತಾಯಿತು. "ನೀವು ಬಿಟ್ಟುಕೊಡಲಿಲ್ಲ, ಅದಕ್ಕೇ ಬೇರೆಯವರಿಗೆ ಕೊಡೋಕೆ ಆಗಲಿಲ್ಲ" ಎಂಬ ಮಾತಿಗೂ ಜಾಗ ಉಳಿಯುವುದಿಲ್ಲ.

## ಲೆಕ್ಕ ಮತ್ತು ಪತ್ರ

"ಎಷ್ಟು ಕೇಳಬೇಕು? ಸುಮ್ನೆ ಅರ್ಧ ಕೊಡಿ ಅನ್ನೋದಾ?"

ಸುಮ್ನೆ ಅರ್ಧ ಎಂದರೆ ಅವರು ಕಾಲು ಎನ್ನುತ್ತಾರೆ, ಆಮೇಲೆ ಅದು ಸಂತೆಯ ವ್ಯಾಪಾರ. ಲೆಕ್ಕ ತೋರಿಸಿದರೆ ಮಾತಿನ ಧಾಟಿಯೇ ಬೇರೆ ಆಗುತ್ತದೆ. ನಮ್ಮ ಲೆಕ್ಕ ಹೀಗಿತ್ತು.

ಹಾಲಿನ ಬಾಡಿಗೆ 1,20,000. ನಮ್ಮ ಮದುವೆ ನಡೆದಿದ್ದರೆ ಆ ದಿನಕ್ಕೆ ಅವರಿಗೆ ಬರುತ್ತಿದ್ದದ್ದು ಅಷ್ಟೇ. ನಾವು ಬಿಟ್ಟುಕೊಟ್ಟ ಮೇಲೆ ಬೇರೊಂದು ಮನೆಯವರು ಅದೇ ದಿನಕ್ಕೆ 95,000ಕ್ಕೆ ಹಿಡಿದರು. ಕೊನೇ ಗಳಿಗೆಯ ಗಿರಾಕಿ, ಹಾಗಾಗಿ ಕಡಿಮೆಗೆ ಕೊಟ್ಟಿದ್ದರು. ಆ ಗಿರಾಕಿಯನ್ನು ಕರೆತಂದವರಿಗೆ 5,000 ಕಮಿಷನ್ ಕೊಟ್ಟಿದ್ದಾಗಿ ಮ್ಯಾನೇಜರ್ ಹೇಳಿದರು. ಅದನ್ನೂ ಒಪ್ಪಿಕೊಂಡೆವು.

ಅಂದರೆ ಹೊಸ ಬುಕ್ಕಿಂಗ್‌ನಿಂದ ಅವರ ಕೈಗೆ ಉಳಿದದ್ದು 90,000. ನಮ್ಮಿಂದ ಆದ ನಷ್ಟ 30,000. ಅವರು ಹಿಡಿದಿಟ್ಟಿದ್ದು 60,000. ನಷ್ಟ ಕಳೆದು ವಾಪಸ್ ಬರಬೇಕಾದದ್ದು 30,000. ನಾವು ಅಷ್ಟನ್ನೇ ಕೇಳಿದೆವು, ಒಂದು ರೂಪಾಯಿ ಜಾಸ್ತಿ ಇಲ್ಲ.

ಮಾಲೀಕರ ಮುಂದೆ ಇದನ್ನೇ ತಿರುಗಿಸಿ ಹೇಳಿದಾಗ ಅವರಿಗೆ ನಾಟಿತು. "ಸಾಹುಕಾರ್ರೇ, ಮದುವಿ ಆಗಿದ್ದರ ನಿಮಗ 1,20,000 ಬರತಿತ್ತು. ಮದುವಿ ನಿಂತಿದ್ದಕ್ಕ 1,50,000 ಬಂದಂಗಾತು. ನಮ್ಮ ಅವ್ವ ಹೋದ ಮ್ಯಾಲೆ ನಿಮಗ 30,000 ಲಾಭ ಆಗೂದು ಬ್ಯಾಡ" ಎಂದರು ನಮ್ಮ ಅಣ್ಣ. ಮಾಲೀಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊನೆಗೆ 25,000ಕ್ಕೆ ಮಾತು ನಿಂತಿತು. ಇನ್ನೂ 5,000ಕ್ಕಾಗಿ ಎಳೆದಾಡುವ ಮನಸ್ಸು ನಮಗೂ ಇರಲಿಲ್ಲ.

ಕರೆಂಟು, ಜನರೇಟರ್ ಡೀಸೆಲ್, ಸ್ವಚ್ಛತೆ ಇವು ಬಾಡಿಗೆಯಲ್ಲೇ ಸೇರಿದ್ದರೆ, ಹಾಲ್ ಖಾಲಿ ಇದ್ದಾಗ ಅವರಿಗೆ ಆ ಖರ್ಚು ಉಳಿದಿರುತ್ತದೆ. ಹಾಲ್ ಮತ್ತೆ ಬುಕ್ ಆಗದಿದ್ದರೆ ಈ ಉಳಿತಾಯವನ್ನು ನಷ್ಟದಿಂದ ಕಳೆಯಲು ಕೇಳಿ. ಮೀಟರ್ ನೋಡಿ ಬೇರೆ ಬಿಲ್ ಮಾಡುವ ಹಾಲ್ ಆದರೆ ಕರೆಂಟಿನ ಮಾತು ಬರುವುದಿಲ್ಲ.

"ಆ ದಿನ ಬೇರೆಯವರಿಗೆ ಕೊಟ್ಟರೋ ಇಲ್ಲವೋ ನಮಗೆ ಹೇಗೆ ತಿಳಿಯಬೇಕು?"

ಮದುವೆ ದಿನ ಹಾಲಿನ ಮುಂದೆ ಒಮ್ಮೆ ಹಾದು ಬನ್ನಿ. ಗೇಟಿನ ಹತ್ತಿರ ಹೂವಿನ ಕಮಾನಿಗೆ ವಧು ವರರ ಹೆಸರಿನ ಬೋರ್ಡ್ ಕಟ್ಟಿರುತ್ತಾರೆ. ರಸ್ತೆಯಲ್ಲಿ ನಿಂತು, ಹಾಲಿನ ಹೆಸರೂ ಆ ಬೋರ್ಡೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆಯಿರಿ. ಒಳಗೆ ಹೋಗಬೇಡಿ, ಆ ಮನೆಯವರಿಗೆ ತೊಂದರೆ ಕೊಡಬೇಡಿ. ನಮ್ಮ ಭಾವ ಹಾಗೇ ಮಾಡಿದರು. ಆ ದಿನ ನಮ್ಮ ಮನೆಯ ಹೆಸರು ಇರಬೇಕಿದ್ದ ಜಾಗದಲ್ಲಿ ಬೇರೆ ಹೆಸರು ನೋಡಿ ಅವರಿಗೂ ಕಣ್ಣು ತುಂಬಿತಂತೆ.

ಇನ್ನೊಂದು, ಹಾಲಿನ ಬುಕ್ಕಿಂಗ್ ಡೈರಿ. ನಮ್ಮ ಹಾಲಿನ ಮ್ಯಾನೇಜರ್ ಹತ್ತಿರ ಉದ್ದನೆಯ ಡೈರಿ ಇತ್ತು. ಮೇ 11ರ ಪುಟದಲ್ಲಿ ಅಣ್ಣನ ಹೆಸರಿಗೆ ಕೆಂಪು ಪೆನ್ನಿನ ಗೆರೆ, ಕೆಳಗೆ ಹೊಸ ಹೆಸರು, ಪಕ್ಕದಲ್ಲಿ 95 ಅಂತ ಬರೆದಿತ್ತು. ನಯವಾಗಿ ಕೇಳಿದ್ದಕ್ಕೆ ಅವರೇ ತೋರಿಸಿದರು. ತೋರಿಸದಿದ್ದರೆ, "ಆ ದಿನ ಬುಕ್ ಆಗಿತ್ತೇ, ಎಷ್ಟಕ್ಕೆ?" ಎಂದು ಪತ್ರದಲ್ಲಿ ಕೇಳಿ. ಉತ್ತರ ಕೊಡದಿದ್ದರೆ ಆ ಮೌನವೇ ಮುಂದೆ ನಿಮ್ಮ ಕೆಲಸಕ್ಕೆ ಬರುತ್ತದೆ.

"ಪತ್ರ ಹೇಗೆ ಬರೆಯಬೇಕು? ಒಂದು ನಮೂನೆ ಕೊಡ್ರಿ."

ಎರಡು ಪತ್ರ ಬೇಕಾಗಬಹುದು. ಮೊದಲನೆಯದು ಸಾವಾದ ಒಂದೆರಡು ವಾರದಲ್ಲಿ. ಎರಡನೆಯದು ಮದುವೆ ದಿನ ದಾಟಿದ ಮೇಲೆ, ಲೆಕ್ಕದ ಜೊತೆ. ನಾವು ಏಪ್ರಿಲ್ 4ಕ್ಕೆ ಕೊಟ್ಟ ಮೊದಲ ಪತ್ರ ಇಷ್ಟೇ:

> ಮಾನ್ಯರೇ, ಮೇ 11ರ ಭಾನುವಾರದ ಮದುವೆಗೆ ನಿಮ್ಮ ಹಾಲನ್ನು ಬುಕ್ ಮಾಡಿ 60,000 ರೂ. ಬಾಡಿಗೆ ಮುಂಗಡ ಮತ್ತು 10,000 ರೂ. ಡ್ಯಾಮೇಜ್ ಡಿಪಾಜಿಟ್ ಕೊಟ್ಟಿದ್ದೇವೆ. ಮಾರ್ಚ್ 22ರಂದು ನಮ್ಮ ತಾಯಿ ತೀರಿಕೊಂಡಿದ್ದರಿಂದ ಮದುವೆ ಮುಂದೆ ಹೋಗಿದೆ. ಮಾರ್ಚ್ 26ರಂದು ಫೋನ್ ಮತ್ತು ವಾಟ್ಸಾಪ್‌ನಲ್ಲಿ ತಿಳಿಸಿ ದಿನಾಂಕವನ್ನು ಬಿಟ್ಟುಕೊಟ್ಟಿದ್ದೇವೆ. ಡಿಪಾಜಿಟ್ ಅನ್ನು ಈಗಲೇ ವಾಪಸ್ ಕೊಡಬೇಕು. ಮುಂಗಡದಲ್ಲಿ ನಿಮಗೆ ನಿಜವಾಗಿ ಆಗುವ ನಷ್ಟವನ್ನು ಹಿಡಿದುಕೊಂಡು ಉಳಿದದ್ದನ್ನು ಮೇ 11 ಆದ 15 ದಿನದೊಳಗೆ ಕೊಡಬೇಕೆಂದು ಕೋರುತ್ತೇವೆ. ರಸೀದಿ ಮತ್ತು ಮರಣ ಪ್ರಮಾಣಪತ್ರದ ಪ್ರತಿ ಜೊತೆಗಿದೆ.

ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ "ತಲುಪಿದೆ" ಎಂದು ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಮರಣ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲ ಎಂದು ಪತ್ರ ತಡ ಮಾಡಬೇಡಿ, "ಬಂದ ಮೇಲೆ ಕೊಡುತ್ತೇವೆ" ಎಂದು ಬರೆಯಿರಿ. ಆದರೆ ಸಾವನ್ನು 21 ದಿನದೊಳಗೆ ನೋಂದಾಯಿಸುವುದು ಮರೆಯಬೇಡಿ.

"ತೀರಿಕೊಂಡವರು ನಮ್ಮ ಕಾಕಾ. ಹಾಲಿನವರು 'ಅದು ಹತ್ತಿರದ ಸಂಬಂಧ ಅಲ್ಲ' ಅಂತಾರೆ."

ನಷ್ಟದ ಲೆಕ್ಕಕ್ಕೆ ಯಾರು ತೀರಿಕೊಂಡರು ಎನ್ನುವುದು ಬೇಕಾಗಿಯೇ ಇಲ್ಲ. ಕಾರಣ ಏನೇ ಇರಲಿ, 74ನೇ ಕಲಂನ ಮಾತು ಒಂದೇ. ಹಾಲಿನ ನಿಯಮದಲ್ಲೇ "ಮನೆಯಲ್ಲಿ ಮರಣವಾದರೆ ಇಷ್ಟು ವಾಪಸ್" ಎಂಬ ಸಾಲು ಇದ್ದರೆ ಮಾತ್ರ ಸಂಬಂಧದ ಪ್ರಶ್ನೆ ಬರುತ್ತದೆ. ಆಗ ಒಂದೇ ರೇಷನ್ ಕಾರ್ಡ್‌ನಲ್ಲಿ ಹೆಸರಿದ್ದರೆ ಅದನ್ನು ತೋರಿಸಿ. ಲಗ್ನಪತ್ರಿಕೆ ಅಚ್ಚಾಗಿದ್ದರೆ ಅದೂ ಸಾಕ್ಷಿಯೇ, ಅಜ್ಜ ಅಜ್ಜಿ, ಕಾಕಾ ಕಾಕಿ ಎಲ್ಲರ ಹೆಸರೂ ಅದರಲ್ಲಿ ಇರುತ್ತದಲ್ವಾ.

"ಹಾಲ್ ಬುಕ್ ಮಾಡಿದ್ದು ಬೀಗರ ಹೆಸರಲ್ಲಿ, ದುಡ್ಡು ಕೊಟ್ಟಿದ್ದು ನಾವು."

ರಸೀದಿ ಯಾರ ಹೆಸರಲ್ಲಿದೆಯೋ ಅವರೇ ಕೇಳಬೇಕು. ಬೀಗರಿಂದ ಪತ್ರಕ್ಕೆ ಸಹಿ ಮಾಡಿಸಿ, ವಾಪಸ್ ದುಡ್ಡು ಯಾರ ಖಾತೆಗೆ ಹಾಕಬೇಕು ಎನ್ನುವುದನ್ನೂ ಅದರಲ್ಲೇ ಬರೆಸಿ. ನೀವು ಫೋನ್‌ಪೇ ಮಾಡಿದ್ದರೆ ಆ ಸ್ಕ್ರೀನ್‌ಶಾಟ್ ಜೊತೆಗೆ ಇಡಿ.

## ಹಾಲಿನವರ ಬೇರೆ ಬೇರೆ ಉತ್ತರಗಳು

"ದುಡ್ಡು ಕೊಡಲ್ಲ, ಬೇರೆ ದಿನಾಂಕ ಕೊಡ್ತೀವಿ ಅಂತಾರೆ. ಒಪ್ಪಬಹುದಾ?"

ಮದುವೆ ನಿಂತಿಲ್ಲ, ಬರೀ ಮುಂದೆ ಹೋಗಿದೆ ಎಂದರೆ ಬಹಳ ಸಲ ಇದೇ ಒಳ್ಳೆಯದು. ಪೂರ್ತಿ ಅಡ್ವಾನ್ಸ್ ಉಳಿಯುತ್ತದೆ. ಆದರೆ ಮೂರು ಮಾತು ಬರೆಸಿಕೊಳ್ಳಿ: ಎಷ್ಟು ತಿಂಗಳೊಳಗೆ ಬಳಸಬೇಕು, ಬಾಡಿಗೆ ಹಳೆಯದೋ ಹೊಸದೋ, ಮತ್ತು ನಾವು ಕೇಳಿದ ದಿನ ಹಾಲ್ ಖಾಲಿ ಇಲ್ಲದಿದ್ದರೆ ದುಡ್ಡು ವಾಪಸ್ ಬರುತ್ತದೋ ಇಲ್ಲವೋ.

ಜಾರುವುದು ಅವಧಿಯಲ್ಲಿ. "ಆರು ತಿಂಗಳು" ಅಂದರೆ ಸಾಕಷ್ಟು ಅನಿಸುತ್ತದೆ. ಆದರೆ ಮೇ ತಿಂಗಳಿಂದ ಆರು ತಿಂಗಳಲ್ಲಿ ಆಷಾಢ, ಪಿತೃಪಕ್ಷ ಎಲ್ಲ ಬಂದು ಹೋಗುತ್ತವೆ. ಅಧಿಕ ಮಾಸ ಬಂದರೆ ಇನ್ನೊಂದು ತಿಂಗಳು ಹೋಯಿತು. ವರ್ಷ ತುಂಬುವ ತನಕ ಮದುವೆ ಬೇಡ ಎನ್ನುವ ಮನೆತನವಾದರೆ ಆ ಅವಧಿ ಕಾಗದದ ಮೇಲೆ ಮಾತ್ರ. ಮನೆಯ ಹಿರಿಯರನ್ನು ಕೇಳಿ, ಹದಿನೆಂಟು ತಿಂಗಳಾದರೂ ಬರೆಸಿಕೊಳ್ಳಿ.

"ಜಿಎಸ್‌ಟಿ ಕಟ್ಟಿಬಿಟ್ಟಿದ್ದೀವಿ, ವಾಪಸ್ ಕೊಡೋಕೆ ಬರಲ್ಲ ಅಂತಾರೆ."

ಕೊಡಲು ಬರುತ್ತದೆ. ಹಾಲ್ ಬಾಡಿಗೆಗೆ 18% ಜಿಎಸ್‌ಟಿ ಇದೆ, ಅಡ್ವಾನ್ಸ್ ತೆಗೆದುಕೊಂಡಾಗಲೇ ಅದನ್ನು ಕಟ್ಟಬೇಕಾಗುತ್ತದೆ, ಇದು ನಿಜ. ಆದರೆ ಸೇವೆ ನಡೆಯದೆ ಅಡ್ವಾನ್ಸ್ ವಾಪಸ್ ಕೊಟ್ಟಾಗ ಅವರು ರಿಫಂಡ್ ವೋಚರ್ ಮಾಡಿ ಆ ತೆರಿಗೆಯನ್ನು ಸರಿಹೊಂದಿಸಿಕೊಳ್ಳಲು ದಾರಿ ಇದೆ. ಅವರು ಹಿಡಿದುಕೊಳ್ಳುವ ಭಾಗದ ತೆರಿಗೆ ಮಾತ್ರ ವಾಪಸ್ ಬರುವುದಿಲ್ಲ. ಉದಾಹರಣೆಗೆ 50,000 ಮತ್ತು ಅದರ ಮೇಲೆ 9,000 ತೆರಿಗೆ ಕೊಟ್ಟಿದ್ದರೆ, ಅರ್ಧ ವಾಪಸ್ ಎಂದರೆ 25,000 ಅಲ್ಲ, 29,500.

ಮೊದಲು ರಸೀದಿಯಲ್ಲಿ ಜಿಎಸ್‌ಟಿ ನಂಬರ್ ಇದೆಯೇ ನೋಡಿ. ನಂಬರೂ ಇಲ್ಲ, ತೆರಿಗೆಯ ಸಾಲೂ ಇಲ್ಲ ಎಂದರೆ ತೆರಿಗೆ ಕಟ್ಟಿದ ಮಾತಿಗೆ ಆಧಾರ ಕೇಳಿ.

"ನಮ್ಮದು ಟ್ರಸ್ಟಿನ ಕಲ್ಯಾಣ ಮಂಟಪ. ಮಾಲೀಕರು ಯಾರು ಅಂತಲೇ ಗೊತ್ತಿಲ್ಲ."

ಇಂಥ ಕಡೆ ಕಚೇರಿಯಲ್ಲಿ ಕೂತ ಗುಮಾಸ್ತರಿಗೆ ಬಿಟ್ಟುಕೊಡುವ ಅಧಿಕಾರ ಇರುವುದಿಲ್ಲ. ಅವರ ಮೇಲೆ ಸಿಟ್ಟಾಗಿ ಏನೂ ಪ್ರಯೋಜನ ಇಲ್ಲ. ಅಧ್ಯಕ್ಷರು ಅಥವಾ ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟು, ಕಮಿಟಿ ಸಭೆ ಯಾವಾಗ ಎಂದು ಕೇಳಿ. ಸಭೆಗೆ ಮುಂಚೆ ಒಬ್ಬ ಸದಸ್ಯರ ಹತ್ತಿರ ಮಾತಾಡಿದರೆ ಪತ್ರ ಸಭೆಯ ಮುಂದೆ ಬರುತ್ತದೆ, ಇಲ್ಲವಾದರೆ ಫೈಲಿನಲ್ಲೇ ಉಳಿಯುತ್ತದೆ. ರಸೀದಿಯಲ್ಲಿ "ದೇಣಿಗೆ" ಎಂದು ಬರೆದಿದ್ದರೆ ದಾರಿ ಸ್ವಲ್ಪ ಕಠಿಣ. ಆಗ ಅದೇ ದುಡ್ಡಿಗೆ ಯಾವ ದಿನ ಹಾಲ್ ಕೊಡುತ್ತೇವೆ ಎಂದಿದ್ದರು ಎನ್ನುವ ಮೆಸೇಜು, ದರಪಟ್ಟಿ ಹುಡುಕಿ ಇಡಿ.

## ಒಪ್ಪದೇ ಇದ್ದರೆ

"ಎರಡು ಪತ್ರ ಬರೆದೆವು, ಉತ್ತರವೇ ಇಲ್ಲ. ಮುಂದೆ ಎಲ್ಲಿಗೆ?"

ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆದೇಶ ಮಾಡುವ ಅಧಿಕಾರ ಅವರಿಗಿಲ್ಲ, ಆದರೆ ಹಾಲಿನವರಿಗೆ ವಿಷಯ ತಲುಪಿಸುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಸು ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸುವ ವ್ಯವಸ್ಥೆ ಇದೆ. ನನ್ನ ಕೇಳಿದರೆ ಇಷ್ಟು ಮೊತ್ತಕ್ಕೆ ಅದೇ ಸರಿಯಾದ ಜಾಗ. ಒಂದೇ ಊರಿನವರು ನಾಳೆ ಮತ್ತೆ ಮುಖ ನೋಡಬೇಕು.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಲ್ ಕಲಬುರಗಿಯಲ್ಲಿದ್ದು ನೀವು ಯಾದಗಿರಿಯವರಾದರೆ ಯಾದಗಿರಿಯಲ್ಲೇ ಸಾಕು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರಿಲ್ಲದೆ ನೀವೇ ನಿಂತು ಮಾತಾಡಬಹುದು. e-jagriti.gov.in ನಲ್ಲೂ ದೂರು ಹಾಕಬಹುದು. ಎರಡು ವರ್ಷದ ಗಡುವು ಇದೆ, ಅದನ್ನು ದಾಟಿಸಬೇಡಿ.

ದೂರು ಬರೆಯುವಾಗ ಒಂದು ಸೂಕ್ಷ್ಮ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ನಷ್ಟಕ್ಕೆ ಹೋಲಿಸಿದರೆ ಅತಿಯಾದ ದಂಡ ಹಾಕುವ ಕರಾರನ್ನು ಅನ್ಯಾಯದ ಒಪ್ಪಂದ ಎಂದು ಹೆಸರಿಸಿದ್ದಾರೆ. ನಮ್ಮ ಪ್ರಕರಣಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ "ಈ ಕರಾರೇ ಅನ್ಯಾಯ, ಅದನ್ನು ರದ್ದು ಮಾಡಿ" ಎಂದು ಕೇಳುವ ದೂರು ಜಿಲ್ಲೆಯಲ್ಲಿ ನಡೆಯುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಜಿಲ್ಲೆಯಲ್ಲಿ ಕೊಡುವ ದೂರನ್ನು "ಹಾಲ್ ಮತ್ತೆ ಬಾಡಿಗೆಗೆ ಹೋಗಿದ್ದರೂ ನಷ್ಟಕ್ಕಿಂತ ಹೆಚ್ಚು ದುಡ್ಡು ಹಿಡಿದುಕೊಂಡಿದ್ದಾರೆ" ಎಂಬ ಸಂಗತಿಯ ಮೇಲೆ ನಿಲ್ಲಿಸಿ. ಬರೆದದ್ದನ್ನು ಒಮ್ಮೆ ವಕೀಲರಿಗೆ ತೋರಿಸಿ.

"ಕೊನೆಗೆ ಕೊಡ್ತೀವಿ ಅಂದಿದ್ದಾರೆ. ಸಹಿ ಹಾಕೋಕೆ ಕಾಗದ ಕೊಟ್ಟಿದ್ದಾರೆ."

ಓದಿ ಸಹಿ ಹಾಕಿ. "ಇನ್ನು ಯಾವ ಬಾಕಿಯೂ ಇಲ್ಲ" ಎಂಬ ಸಾಲು ಇದ್ದೇ ಇರುತ್ತದೆ, ಮೊತ್ತ ಒಪ್ಪಿಗೆಯಾಗಿದ್ದರೆ ಅದು ತಪ್ಪಲ್ಲ. ಆದರೆ ದುಡ್ಡು ಖಾತೆಗೆ ಬೀಳುವ ಮೊದಲು ಆ ಸಾಲಿಗೆ ಸಹಿ ಬೇಡ. ಚೆಕ್ ಕೊಟ್ಟರೆ "ಚೆಕ್ ಪಾಸಾದ ಮೇಲೆ" ಎಂದು ನೀವೇ ಪೆನ್ನಿನಲ್ಲಿ ಸೇರಿಸಿ. ಮೂಲ ರಸೀದಿ ವಾಪಸ್ ಕೇಳುತ್ತಾರೆ, ಎರಡೂ ಬದಿ ಫೋಟೋ ತೆಗೆದುಕೊಂಡು ಕೊಡಿ. ನಮ್ಮ ಮ್ಯಾನೇಜರ್ ಅಲ್ಲೇ ಕೌಂಟರ್‌ನಲ್ಲಿ 25,000 ಫೋನ್‌ಪೇ ಮಾಡಿದರು. ಅಣ್ಣನ ಫೋನಿಗೆ ಮೆಸೇಜ್ ಬಂದ ಮೇಲೆ ಅಣ್ಣ ಸಹಿ ಹಾಕಿದರು. ಮ್ಯಾನೇಜರ್ ಡೈರಿ ತೆಗೆದು, ಮೇ 11ರ ಪುಟದಲ್ಲಿ ಕೆಂಪು ಗೆರೆಯ ಪಕ್ಕ "ಚುಕ್ತಾ" ಎಂದು ಬರೆದರು.